ಕಂಬದಿಂದ ಕಂಬಕ್ಕೆ ಐವತ್ತು ಮೀಟರ್

ಲೆಕ್ಕ ಅಂದರೆ ನನಗೆ ಚಿಕ್ಕಂದಿನಿಂದಲೂ ಆಗದು. ಪೊಲೀಸ್ ಕೆಲಸಕ್ಕೆ ಸೇರಿದ ಮೇಲಾದರೂ ಅದರ ಕಾಟ ತಪ್ಪಿತು ಅಂದುಕೊಂಡಿದ್ದೆ. ಹುಣಸೂರು ಕಡೆಯ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ಮಹಜರು ಬರೆಯುವುದೇ ನನ್ನ ಮುಖ್ಯ ಕೆಲಸವಾಗಿತ್ತು. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ನನ್ನ ಕೈಗೇ ಪೆನ್ನು ಕೊಡುತ್ತಿದ್ದರು. ಹೊಗಳಿಕೆಗೆ ಉಬ್ಬಿ ನಾನೂ ಬರೆಯುತ್ತಿದ್ದೆ.

ಹನಗೋಡು ರಸ್ತೆಯಲ್ಲಿ ಒಂದು ಬೆಳಿಗ್ಗೆ ಅಪಘಾತವಾಯಿತು. ಶುಂಠಿ ತುಂಬಿದ ಪಿಕಪ್ ಗಾಡಿ ಹುಣಸೂರಿನ ಕಡೆ ಬರುತ್ತಿತ್ತು. ತೋಟದ ಓಣಿಯಿಂದ ಮೊಪೆಡ್‌ನಲ್ಲಿ ಡೈರಿಗೆ ಹಾಲು ತೆಗೆದುಕೊಂಡು ಹೊರಟಿದ್ದ ವಯಸ್ಸಾದ ರೈತರೊಬ್ಬರು ರಸ್ತೆಗೆ ಬಂದರು. ಪಿಕಪ್ ಗುದ್ದಿತು. ನಾವು ಹೋಗುವಷ್ಟರಲ್ಲಿ ಆ ಹಿರಿಯರ ಉಸಿರು ನಿಂತಿತ್ತು. ಹಾಲಿನ ಕ್ಯಾನು ಮಾತ್ರ ಮುಚ್ಚಳ ಕಳಚದೆ ಚರಂಡಿಯಲ್ಲಿ ನೆಟ್ಟಗೆ ನಿಂತಿತ್ತು.

ಪಿಕಪ್ ಓಡಿಸುತ್ತಿದ್ದವನು ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಬುಡಕಟ್ಟು ಹಾಡಿಯವನು, ಮೂವತ್ತರ ಆಸುಪಾಸಿನ ಮನುಷ್ಯ. ಆ ಹಾಡಿಯಿಂದ ಲೈಸೆನ್ಸ್ ಮಾಡಿಸಿದ ಮೊದಲನೆಯವನು ತಾನೇ ಎಂದು ಅವನೇ ಹೇಳಿದ. ಸೇರಿದ್ದ ಜನ "ತೊಂಬತ್ತರಲ್ಲಿ ಬಂದ ಕಣ್ರೀ, ನೂರರಲ್ಲಿ ಬಂದ ಕಣ್ರೀ" ಎಂದು ಕೂಗುತ್ತಿದ್ದರು. ಅವನು ಒಂದೇ ಮಾತು ಹಿಡಿದಿದ್ದ.

"ಅರವತ್ತು ದಾಟಿಲ್ಲ ಮೇಡಂ. ಲೋಡ್ ಗಾಡಿ, ಅಂಗೆಲ್ಲ ಓಡುಸ್ತಾರಾ?"

ಹೆಣ ಸಾಗಿಸಲು ಹೋದ ಜೀಪಿನಲ್ಲೇ ಅಳತೆಯ ಟೇಪೂ ಹೊರಟುಹೋಗಿತ್ತು. ಬಿಸಿಲು ನೆತ್ತಿಗೆ ಬರುತ್ತಿತ್ತು. ಹೊಂಗೆ ಮರದ ಕೆಳಗೆ ಕೂತು ನಕ್ಷೆ ಬರೆದೆ. ಆ ಜಾಗದ ಎರಡು ವಿದ್ಯುತ್ ಕಂಬಗಳ ನಡುವೆ ಎಷ್ಟು ದೂರ ಎಂದು ಸಾಕ್ಷಿಗೆ ನಿಂತ ಪಂಚರನ್ನು ಕೇಳಿದೆ. "ಕಂಬದಿಂದ ಕಂಬಕ್ಕೆ ಐವತ್ ಮೀಟರ್ ಕಣ್ರವ್ವ, ಎಲ್ಲ ಕಡೆನೂ ಅಷ್ಟೇಯ" ಎಂದರು. "ಸುಮಾರು 50 ಮೀಟರ್" ಎಂದು ಬರೆದೆ. ಪಂಚರು ರುಜು ಹಾಕಿದರು. ನನ್ನ ಮಹಜರುಗಳಲ್ಲಿ ಸುಮಾರು ಎಂಬ ಪದ ಎಷ್ಟು ಸಲ ಬಂದಿದೆಯೋ ದೇವರಿಗೇ ಗೊತ್ತು.

ಪಿಕಪ್ಪಿನ ಮುಂದಿನ ಗಾಜಿಗೆ ಅದರ ಮಾಲೀಕರು ಚಿಕ್ಕ ಕ್ಯಾಮೆರಾ ಅಂಟಿಸಿದ್ದರು. ವೇಗ ತೋರಿಸುವಷ್ಟು ದುಬಾರಿಯದಲ್ಲ. ಚಿತ್ರದ ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು, ಅಷ್ಟೇ. ಅದರ ಕಾರ್ಡಿನಿಂದ ಪ್ರತಿ ತೆಗೆದುಕೊಂಡು, ಮೂಲವನ್ನು ಸೀಲ್ ಮಾಡಿ ಲ್ಯಾಬಿಗೆ ಕಳಿಸಿದೆವು. ಲ್ಯಾಬಿನ ವರದಿ ಬರುವವರೆಗೆ ಕಾಯುವ ತಾಳ್ಮೆ ನಮ್ಮ ಸಬ್ ಇನ್ಸ್‌ಪೆಕ್ಟರಿಗೆ ಇರಲಿಲ್ಲ. ಠಾಣೆಯ ಕಂಪ್ಯೂಟರಿನಲ್ಲಿ ಒಂದೊಂದೇ ಚಿತ್ರವಾಗಿ ಮುಂದಕ್ಕೆ ತಳ್ಳುವುದನ್ನು ನನಗೆ ತೋರಿಸಿಕೊಟ್ಟರು.

ವೀಡಿಯೊ ಅಂದರೆ ಸೆಕೆಂಡಿಗೆ ಮೂವತ್ತು ಚಿತ್ರ. ಮೂಲೆಯ ಗಡಿಯಾರದ ಸೆಕೆಂಡು ಬದಲಾಗುವುದಕ್ಕೂ ಮೂವತ್ತೇ ಚಿತ್ರ ಬೇಕಾಯಿತು, ಅದನ್ನು ಎಣಿಸಿ ನೋಡಿದೆ. ನಕ್ಷೆಯಲ್ಲಿದ್ದ ಮೊದಲ ಕಂಬ ಪರದೆಯ ಎಡ ಅಂಚನ್ನು ಮುಟ್ಟಿದ ಚಿತ್ರದಿಂದ ಎರಡನೆಯ ಕಂಬ ಅದೇ ಅಂಚನ್ನು ಮುಟ್ಟಿದ ಚಿತ್ರದವರೆಗೆ ಅರವತ್ತು. ಎರಡು ಸೆಕೆಂಡು. ಐವತ್ತು ಮೀಟರನ್ನು ಎರಡರಿಂದ ಭಾಗಿಸಿದರೆ ಸೆಕೆಂಡಿಗೆ ಇಪ್ಪತ್ತೈದು ಮೀಟರ್. ಅದನ್ನು ಮೂರೂವರೆಗೆ ಒಂದಿಷ್ಟು ಹೆಚ್ಚಾಗಿ, ಅಂದರೆ 3.6ರಿಂದ ಗುಣಿಸಿದರೆ ಗಂಟೆಗೆ ತೊಂಬತ್ತು ಕಿಲೋಮೀಟರ್. ಜನ ಕೂಗಿದ್ದೇ ನಿಜ ಅನ್ನಿಸಿತು. ನನಗೆ ಸಿಟ್ಟೂ ಬಂತು. ಅವನನ್ನು ವಿಚಾರಣೆಗೆ ಕರೆಸಿ, ಆ ಲೆಕ್ಕದ ಹಾಳೆಯನ್ನು ಮುಂದೆ ಹಿಡಿದೆ.

"ಕ್ಯಾಮೆರಾ ಸುಳ್ಳು ಹೇಳುತ್ತಾ? ತೊಂಬತ್ತು!"

ಅವನು ಹಾಳೆಯನ್ನು ತುಂಬಾ ಹೊತ್ತು ನೋಡಿದ. ಮೊದಲು ತಲೆ ಅಲ್ಲಾಡಿಸಿದ. ಹೊರಡುವಾಗ "ಇದ್ರೂ ಇರ್ಬೋದು ಮೇಡಂ" ಎಂದ. ಒಂದು ಕೇಸು ತಿಳಿಯಾಯಿತು ಎಂದು ನಾನು ಖುಷಿಪಟ್ಟೆ.

ಮುಂದಿನ ವಾರ ಘಟನೆಯ ಕ್ರಮ ಬರೆಯಲು ಕೂತೆ. ಮೊಪೆಡ್‌ನ ಮುಂದಿನ ಚಕ್ರ ರಸ್ತೆ ಅಂಚಿನ ಬಿಳಿ ಗೆರೆ ದಾಟಿದ ಚಿತ್ರದಿಂದ ಎಣಿಸಿದರೆ ಇಪ್ಪತ್ತನಾಲ್ಕನೆಯದರಲ್ಲಿ ಪಿಕಪ್ಪಿನ ಮೂತಿ ಬಗ್ಗಿತು, ಅಂದರೆ ಬ್ರೇಕು ಹಿಡಿಯಿತು. ಮೂವತ್ತಮೂರನೆಯದರಲ್ಲಿ ಗುದ್ದಿತು. ಎಲ್ಲ ಸೇರಿ ಒಂದು ಸೆಕೆಂಡಿಗಿಂತ ಕೊಂಚ ಹೆಚ್ಚು. ಇಷ್ಟು ಬರೆದಾಗಲೇ ನಡು ರಸ್ತೆಯ ತುಂಡು ಗೆರೆಗಳ ಮೇಲೆ ಕಣ್ಣು ಬಿತ್ತು. ಸುಮ್ಮನೆ ಎಣಿಸಿದೆ. ಕಂಬದಿಂದ ಕಂಬಕ್ಕೆ ನಾಲ್ಕು ಗೆರೆ ಕೂಡ ಪೂರ್ತಿ ಹಿಂದೆ ಹೋಗಲಿಲ್ಲ.

ಸಾಹೇಬರಿಗೆ ಹೇಳಿದೆ. ಗೆರೆ ಮೂರು ಮೀಟರ್, ನಡುವಿನ ಖಾಲಿ ಆರು ಮೀಟರ್ ಇರಬೇಕು ಎಂದರು. ಗೆರೆ, ಖಾಲಿ ಸೇರಿ ಒಂದು ಸರದಿಗೆ ಒಂಬತ್ತು. ನಾಲ್ಕಕ್ಕೆ ಮೂವತ್ತಾರು. ಐವತ್ತಾಗಬೇಕಾದರೆ ಐದೂವರೆ ಸರದಿ ದಾಟಬೇಕು. ನಾನು ತಪ್ಪೆಣಿಸಿದೆ ಎಂದು ಮತ್ತೆ ಎಣಿಸಿದೆ. ಬಣ್ಣ ಬಳಿದವರು ತಪ್ಪಿರಬೇಕು ಅಂದುಕೊಂಡೆ. ಕ್ಯಾಮೆರಾ ಕೆಟ್ಟಿರಬೇಕು ಅಂದುಕೊಂಡೆ. ಕಂಬ, ಗೆರೆ, ಗಡಿಯಾರ ಎಲ್ಲವನ್ನೂ ಅನುಮಾನಿಸಿದೆ. ನನ್ನ ದುಂಡಗಿನ ಅಕ್ಷರವನ್ನು ಬಿಟ್ಟು.

ಕೊನೆಗೆ ಟೇಪು ತೆಗೆದುಕೊಂಡು ಹೋದೆವು. ಸಾಹೇಬರು ಒಂದು ತುದಿ ಹಿಡಿದರು, ನಾನು ಇನ್ನೊಂದು. ಗೆರೆ ಮೂರು, ಖಾಲಿ ಆರು, ಬಣ್ಣ ಬಳಿದವರು ಪ್ರಾಮಾಣಿಕರು. ಎರಡು ಕಂಬಗಳೂ ರಸ್ತೆಯಂಚಿನಿಂದ ಒಂದೇ ದೂರದಲ್ಲಿದ್ದವು. ಅವುಗಳ ನಡುವೆ ಮೂವತ್ತನಾಲ್ಕು ಮೀಟರ್. ಅಲ್ಲಿಗೆ ಬಂದ ಲೈನ್‌ಮನ್ ಒಂದು ಕಂಬಕ್ಕೆ ಕೈಯಿಟ್ಟು, "ಇದು ಪಂಪ್‌ಸೆಟ್ ಕನೆಕ್ಷನ್‌ಗೆ ಅಂತ ನಡುವೆ ನೆಟ್ಟಿದ್ದು ಕಣಮ್ಮ. ಇಲ್ಲಿ ಐವತ್ತು ಎಲ್ಲಿಂದ ಬಂತು?" ಎಂದ.

ಎಲ್ಲಿಂದ ಬಂತು ಎಂದು ನನಗೆ ಗೊತ್ತಿತ್ತು. ಮೂವತ್ತನಾಲ್ಕನ್ನು ಎರಡರಿಂದ ಭಾಗಿಸಿದರೆ ಹದಿನೇಳು, ಗಂಟೆಗೆ ಅರವತ್ತೊಂದು ಕಿಲೋಮೀಟರ್. ಅವನು ಮೊದಲ ದಿನ ಹೇಳಿದ್ದೂ ಹೆಚ್ಚುಕಡಿಮೆ ಅಷ್ಟೇ.

"ಮೊದಲನೆಯದರಲ್ಲಿ ಒಂದು ಅಕ್ಷರವನ್ನೂ ತಿದ್ದಬೇಡಿ" ಎಂದರು ಸಾಹೇಬರು. "ಹೆಚ್ಚುವರಿ ಮಹಜರು ಬರೆಯಿರಿ. ಐವತ್ತು ಹೇಗೆ ಬಂತು ಅನ್ನೋದನ್ನೂ ಅದರಲ್ಲಿ ಬರೆಯಿರಿ."

"ನಾನು ಅಳತೆ ಮಾಡದೆ ಬರೆದಿದ್ದೆ" ಎಂಬ ನಾಲ್ಕು ಪದಗಳಿಗೆ ಅರ್ಧ ಗಂಟೆ ಹಿಡಿಯಿತು. ನಾನು ಮರದ ನೆರಳಿನಿಂದ ಎದ್ದು ನಡೆದಿದ್ದರೂ ಸಾಕಿತ್ತು, ಹೆಜ್ಜೆ ಎಣಿಸಿದ್ದರೂ ಇಷ್ಟು ತಪ್ಪು ಆಗುತ್ತಿರಲಿಲ್ಲ.

ಅವನನ್ನು ಮತ್ತೆ ಕರೆಸಿದೆವು. ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್‌ನಿಂದ ಎರಡು ಬಸ್ಸು ಬದಲಿಸಿ ಬಂದಿದ್ದ. ಪಿಕಪ್ ಮಾಲೀಕರು ಕೆಲಸದಿಂದ ಬಿಡಿಸಿದ್ದರು. ಅವನು ಕೂರಲಿಲ್ಲ. ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟ.

"ತೊಂಬತ್ತರಲ್ಲಿ ಓಡ್ಸಿದ್ದು ನಾನೇ ಅಂತ ಬರ್ಸ್ಕೊಂಡ್ ಬಂದಿವ್ನಿ ಮೇಡಂ. ಆ ಅಜ್ಜನ ಮಕ್ಳ ಮುಂದೆ ನಿಂತು ಇದ್ನ ಏಳ್ಬೇಕು ಅಂದ್ರೂ ಏಳ್ತೀನಿ."

ಸಾಹೇಬರು ನನ್ನ ಕಡೆ ನೋಡಿದರು. ನಾನೇ ಹೇಳಬೇಕಿತ್ತು. ಲೆಕ್ಕದ ಹೊಸ ಹಾಳೆ ತೋರಿಸಿ, ಅಳತೆ ತಪ್ಪಾಗಿತ್ತು, ತಪ್ಪು ನನ್ನದು, ನೀವು ಅರವತ್ತರಲ್ಲೇ ಇದ್ದಿರಿ ಎಂದೆ. ಅವನಿಗೆ ಬಹುವಚನ ಹಾಕಿದ್ದು ಅದೇ ಮೊದಲು.

ಅವನು ನಗುತ್ತಾನೆ, ಇಲ್ಲ ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಅವನು ಹಳೆಯ ಹಾಳೆಯನ್ನೂ ಹೊಸ ಹಾಳೆಯನ್ನೂ ಪಕ್ಕಪಕ್ಕ ಇಟ್ಟು, ಒಂದರಿಂದ ಇನ್ನೊಂದಕ್ಕೆ ಬೆರಳು ಆಡಿಸಿದ.

"ನೀವು ತೊಂಬತ್ತು ಅಂದ್ರಲ್ಲ, ಅವತ್ತಿಂದ ಮೀಟ್ರು ಮುಳ್ಳು ತೊಂಬತ್ತರ ಮೇಲೇನೇ ಕಾಣ್ತದೆ ಮೇಡಂ. ಕಣ್ಣಾರೆ ನೋಡ್ದಂಗೆ ಕಾಣ್ತದೆ. ಈಗ ಇಲ್ಲ ಅಂತೀರಿ." ಹಳೆಯ ಹಾಳೆಯನ್ನು ನನ್ನ ಕಡೆ ತಳ್ಳಿ, "ಅದ್ನ ಕಣ್ಣಿಂದ ಎಂಗ್ ತೆಗೀಲಿ ಏಳಿ?" ಎಂದ.