ಲಸಿಕೆ ತಪ್ಪಿಸಿಕೊಂಡ ಆಕಳು

ಹಂಸಭಾವಿ ಹತ್ತಿರದ ನಮ್ಮ ಊರಿಗೆ ಕಾಲುಬಾಯಿ ಬೇನೆಯ ಲಸಿಕೆ ಹಾಕುವವರು ಬಂದಾಗ ನಮ್ಮ ಆಕಳು ಆಗಷ್ಟೇ ಈದಿತ್ತು. ಚುಚ್ಚಿಸಿದರೆ ಹಾಲು ಕಡಿಮೆಯಾಗುತ್ತದೆಂದು ಅಪ್ಪ ಒಪ್ಪಲಿಲ್ಲ.

"ಸ್ವಲ್ಪ ದಿನ ಕಡಿಮಿ ಆದೀತು, ಮತ್ತ ಬರ್ತೈತ್ರಿ. ಆರು ತಿಂಗಳಿಗೊಮ್ಮಿ ಹಾಕಿಸಾಕs ಬೇಕು," ಎಂದರು ಅವರು.

"ಮುಂದಿನ ಸಲ ನೋಡೋಣು," ಎಂದ ಅಪ್ಪ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಆಕಳು ಮೇವು ಮುಟ್ಟಲಿಲ್ಲ. ಮೈ ಸುಡುತ್ತಿತ್ತು, ಹಾಲು ಅರ್ಧಕ್ಕಿಳಿದಿತ್ತು. ದೃಷ್ಟಿ ತಾಗಿರಬೇಕೆಂದು ಅವ್ವ ನಿವಾಳಿಸಿದಳು. ಸಂಜೆಗೆ ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯತೊಡಗಿತು. ಆಕಳು ಬಾಯಿ ಚಪ್ಪರಿಸುತ್ತಾ ಹಿಂಗಾಲು ಝಾಡಿಸುತ್ತಿತ್ತು.

ದನದ ಡಾಕ್ಟರು ಬಂದು ಬಾಯಿ ಬಿಡಿಸಿದರು. ನಾಲಗೆಯ ಮೇಲೆ ಗುಳ್ಳೆ ಒಡೆದು ಚರ್ಮ ಸುಲಿದಿತ್ತು.

"ಕಾಲುಬಾಯಿ ಬ್ಯಾನೀನs ಐತ್ರಿ. ಕರಾನ ದೂರ ಕಟ್ರಿ, ಮೊಲಿ ಕುಡಿಸಬ್ಯಾಡ್ರಿ."

"ಈಗರ ಲಸಿಕಿ ಚುಚ್ಚಿಬಿಡ್ರಲ್ಲ," ಎಂದ ಅಪ್ಪ.

"ಬ್ಯಾನಿ ಬಂದಮ್ಯಾಲ ಅದು ತಡಿಯಂಗಿಲ್ರಿ."

ಕರು ಬೆಳಿಗ್ಗೆಯೇ ಹೊಟ್ಟೆ ತುಂಬ ಹಾಲು ಕುಡಿದಿತ್ತು. ಅದರ ಬಾಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಆದರೂ ಆ ವಾರವೇ ನಿಂತಲ್ಲೇ ಕುಸಿದು ಸತ್ತಿತು. ಎಳೆ ಕರುಗಳಿಗೆ ಈ ಬೇನೆ ಗುಂಡಿಗೆಗೇ ಹೊಡೆಯುತ್ತದೆ ಎಂದರು ಡಾಕ್ಟರು.

ಆಕಳು ಉಳಿಯಿತು. ಆದರೆ ಹಾಲು ಮೊದಲಿನಂತೆ ಬರಲಿಲ್ಲ. ಲಸಿಕೆ ಹಾಕಿಸಿದ್ದ ಪಕ್ಕದ ಮನೆಯ ದನಗಳು ನೆಮ್ಮದಿಯಿಂದ ಮೆಲುಕು ಹಾಕುವಾಗ, ನಮ್ಮದು ಬೇನೆ ವಾಸಿಯಾದ ಮೇಲೂ ಸಣ್ಣ ಬಿಸಿಲಿಗೇ ನಾಲಗೆ ಹೊರಚಾಚಿ ಏದುಸಿರು ಬಿಡುತ್ತಿತ್ತು. ಅಪ್ಪ ಅದರ ಬೆನ್ನಿಗೆ ನೀರು ಸುರಿಯುತ್ತಿದ್ದ.