ಅಕ್ಕ ಓದಿದ ಸಾಲು

ನಾನು ಬರೆದ ಒಂದು ಕಥೆಯಿಂದಾಗಿ ನನ್ನ ಅಕ್ಕನ ಅತ್ತೆ ಅವಳ ಕೈಯ ನೀರು ಕುಡಿಯುವುದನ್ನು ಬಿಟ್ಟರು. ನಾನು ಹರಪನಹಳ್ಳಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಕಥೆ ಹೇಳುವವನ ದನಿಯೂ ಪಾತ್ರದ ದನಿಯೂ ಹೇಗೆ ಒಂದರೊಳಗೊಂದು ಬೆರೆಯುತ್ತವೆ ಎಂದು ವರ್ಷವರ್ಷ ಹಲಗೆಯ ಮೇಲೆ ಬರೆದು ತೋರಿಸಿದವನು. ಅಂಥವನಿಗೆ ಒಬ್ಬ ಮುದುಕಿಗೆ ಅದನ್ನು ತಿಳಿಸಿ ಹೇಳಲು ಆಗಲಿಲ್ಲ.

ಅಕ್ಕನನ್ನು ಕೊಟ್ಟಿರುವುದು ಹಡಗಲಿಗೆ. ಮಲ್ಲಿಗೆ ಬೆಳೆಯುವ ಮನೆ. ಕೊಯ್ದ ಮೊಗ್ಗನ್ನು ಪಡಸಾಲೆಯಲ್ಲಿ ಸುರಿದರೆ ಬಸ್ಸಿನ ಹೊತ್ತಿಗೆ ಕಟ್ಟಿ ಮುಗಿಸಬೇಕು. ಕೈಗೆ ಕೆಲಸವಿದ್ದರೂ ಕಿವಿಗೆ ಕೆಲಸವಿಲ್ಲವಲ್ಲ, ಅದಕ್ಕೇ ಯಾರಾದರೂ ಒಬ್ಬರು ಗಟ್ಟಿಯಾಗಿ ಓದುವುದು ಆ ಮನೆಯ ರೂಢಿ. ಅತ್ತೆಗೆ ಅಕ್ಷರ ಬರುವುದಿಲ್ಲ, ಆದರೆ ಕೇಳುವ ಚಟ ಬಹಳ. ಓದುವವಳು ಅಕ್ಕ. ಸತ್ಯ ಹೇಳಬೇಕೆಂದರೆ ಅವಳು ನನಗಿಂತ ಚೆನ್ನಾಗಿ ಓದುತ್ತಾಳೆ. ಸಿಟ್ಟು ಬಂದ ಕಡೆ ಸಿಟ್ಟು, ಅಳು ಬಂದ ಕಡೆ ಅಳು, ಎಲ್ಲವೂ ಅವಳ ದನಿಯಲ್ಲಿ ಬರುತ್ತದೆ.

ಮಾಸಪತ್ರಿಕೆಯಲ್ಲಿ ನನ್ನ ಕಥೆ ಬಂದಾಗ ನಾನೇ ಹೆಮ್ಮೆಯಿಂದ ಒಯ್ದು ಕೊಟ್ಟುಬಂದೆ. ಹಾಸಿಗೆ ಹಿಡಿದ ಅತ್ತೆ, ಅವಳ ಸೇವೆ ಮಾಡುವ ಸೊಸೆ, ಇಷ್ಟೇ ಕಥೆ. ಸೊಸೆಗೆ ಹೂ ಕಟ್ಟುವ ಕೆಲಸ ಕೊಟ್ಟಿದ್ದೆ, ಕಣ್ಣೆದುರಿಗೆ ಇದ್ದದ್ದು ಅದೇ ಆದ್ದರಿಂದ. ಅಕ್ಕ ಮೊದಲೇ ಓದಿನೋಡದೆ ನೇರ ಪಡಸಾಲೆಯಲ್ಲಿ ಶುರುಮಾಡಿದಳು. ನಡುವೆ ಈ ಸಾಲುಗಳು ಬಂದವು:

‘ಸೊಸೆ ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಳು. ಹಾಸಿಗೆ ಮತ್ತೆ ಒದ್ದೆಯಾಗಿತ್ತು. ಇವತ್ತಿಗೆ ಇದು ಎಷ್ಟನೆಯ ಸಲ! ನಾಳೆಯೂ ಇದೇ ಇತ್ತು ಅವಳ ಹಣೆಯಲ್ಲಿ. ಈ ಜೀವ ದೇವರಿಗೂ ಬೇಡವಾಗಿತ್ತೇ?’

ಓದುವ ಹುರುಪಿನಲ್ಲಿ ಅಕ್ಕ ಕೊನೆಯ ಸಾಲನ್ನು ನಿಜವಾಗಿಯೂ ಬೇಸತ್ತವಳ ಹಾಗೆ ಓದಿದಳಂತೆ. ಅತ್ತೆಯ ಕೈಯಲ್ಲಿ ದಾರ ನಿಂತಿತಂತೆ. ಮರುದಿನದಿಂದ ಅವರು ಕೊಡದಿಂದ ತಾವೇ ನೀರು ಬಗ್ಗಿಸಿಕೊಳ್ಳತೊಡಗಿದರು. ಮೂರನೆಯ ದಿನ, ಕೂಡ್ಲಿಗಿಯ ಮಗಳ ಮನೆಗೆ ಹೋಗಿ ಇದ್ದುಬಿಡುತ್ತೇನೆ ಎಂದರು.

ಅಕ್ಕ ಫೋನ್ ಮಾಡಿದಳು. “ತಮ್ಮಾ, ಇಪ್ಪತ್ತು ವರ್ಷ ಆತು ಈ ಮನಿಗೆ ಬಂದು. ಒಂದ್ ದಿನಾನೂ ಹಿಂಗಾಗಿದ್ದಿಲ್ಲ. ಗಂಟು ಹಾಕಿದಾಂವ ನೀನು, ನೀನ ಬಂದು ಬಿಡಸು.”

ನನ್ನ ಮನೆಯಿರುವ ಕೊಟ್ಟೂರಿನಿಂದ ಹೊರಟು ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಹೋದೆ. ದಾರಿಯುದ್ದಕ್ಕೂ ಪಾಠ ಸಿದ್ಧಮಾಡಿಕೊಂಡೆ. ಪೆದ್ದ ನಾನು.

ಪಡಸಾಲೆಯಲ್ಲಿ ಅತ್ತೆ ಹೂ ಕಟ್ಟುತ್ತ ಕೂತಿದ್ದರು. “ಅಮ್ಮಾ, ಅದು ಅಕ್ಕನ ಮಾತಲ್ಲರಿ. ಬರೆಯೋದ್ರಾಗ ಒಂದು ಪದ್ಧತಿ ಐತಿ, ಕೇಳ್ರಿ” ಎಂದೆ.

“ಹೇಳಪ್ಪಾ. ಮೇಷ್ಟ್ರಲ್ಲೇನು ನೀನು.”

ಮೊದಲು ಸುಲಭದ್ದನ್ನು ಹೇಳಿದೆ. ‘ನನಗೆ ಸಾಕಾಗಿದೆ ಎಂದು ಸೊಸೆ ಅಂದಳು’ ಎಂದು ಬರೆದರೆ ಮಾತು ಸೊಸೆಯದು, ನಾನು ಬರೀ ಕಿವಿ. ನಡುವೆ ಗೋಡೆ ಇದೆ. ‘ತನಗೆ ಸಾಕಾಗಿದೆಯೆಂದು ಅವಳಿಗೆ ಅನ್ನಿಸಿತು’ ಎಂದರೆ ಅವಳ ಮನಸ್ಸನ್ನು ನಾನು ಹೊತ್ತು ತಂದು ನಿಮಗೆ ಒಪ್ಪಿಸುತ್ತಿದ್ದೇನೆ. ಗೋಡೆ ತಗ್ಗಾಯಿತು, ಆದರೂ ಇದೆ. ಇನ್ನು ಮೂರನೆಯದು. ‘ಅಂದಳು’, ‘ಅನ್ನಿಸಿತು’ ಎರಡನ್ನೂ ಕಿತ್ತುಹಾಕುತ್ತೇನೆ. ‘ನಾನು’ ಎನ್ನಬೇಕಾದಲ್ಲಿ ಹೇಳುವವನ ‘ಅವಳು’ ಉಳಿಯುತ್ತದೆ. ನಡೆದುಹೋದ ಕಾಲದ ‘ಇತ್ತು’ ಕೂಡ ಹೇಳುವವನದೇ. ಆದರೆ ‘ಇವತ್ತು’, ‘ನಾಳೆ’ ಮಾತ್ರ ಸೊಸೆಯವು. ಅವನಾಗಿದ್ದರೆ ‘ಅಂದು’, ‘ಮರುದಿನ’ ಎನ್ನುತ್ತಿದ್ದ. ಆ ಬೇಸರ, ಆ ಪ್ರಶ್ನೆ, ಆ ‘ಈ ಜೀವ’ ಎನ್ನುವ ತಾತ್ಸಾರ, ಎಲ್ಲ ಅವಳವು. ‘ನಾಳೆಯೂ ಇದೇ ಇತ್ತು ಅವಳ ಹಣೆಯಲ್ಲಿ’ ಎಂಬ ಒಂದೇ ಸಾಲಿನಲ್ಲಿ ‘ನಾಳೆ’ ಅವಳದು, ‘ಇತ್ತು’ ನನ್ನದು. ಒಂದೇ ಬಾಯಲ್ಲಿ ಇಬ್ಬರು.

“ನೀವೂ ಹಂಗ ಮಾತಾಡ್ತೀರಲ್ಲರಿ ಅಮ್ಮಾ” ಎಂದೆ. “ಪಕ್ಕದ ಮನಿಯಾಕಿ ಸುದ್ದಿ ಹೇಳುವಾಗ, ‘ಬಂದ್ಲವ್ವಾ ಸೀರಿ ಉಟ್ಕಂಡು. ಊರಾಗ ಆಕಿಗೊಬ್ಬಾಕಿಗೇ ಐತಿ ಅಂಥಾ ಸೀರಿ!’ ಅಂತೀರಿ. ಆ ಜಂಬ ನಿಮ್ದೇನು? ಆಕಿದು. ಬಾಯಿ ಮಾತ್ರ ನಿಮ್ದು.”

ಅತ್ತೆ ನಕ್ಕರು. ಗೆದ್ದೆ ಅಂದುಕೊಂಡೆ.

“ಖರೇ ಐತಿ” ಎಂದರು. “ಆದ್ರ ನಾನು ಅಣಕಿಸೋದು ನನ್ನ ದನಿಯಾಗ ಗೊತ್ತಾಗ್ತತಿ. ನಿನ್ನ ಕಾಗದದಾಗ ದನಿ ಎಲ್ಲೈತಿ? ಆ ಸೊಸಿ ಮಾತಿಗೆ ನೀ ಹೂಂ ಅಂದ್ಯೋ, ಛೀ ಅಂದ್ಯೋ?”

ನನ್ನ ಯಾವ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ. ಈ ಪದ್ಧತಿಯ ಜೀವವೇ ಅಲ್ಲಿರುವುದು. ಹೇಳುವವನು ಹೂಂ ಅನ್ನುವುದಿಲ್ಲ, ಛೀ ಎಂದೂ ಅನ್ನುವುದಿಲ್ಲ. ಪಾತ್ರದ ಪಕ್ಕದಲ್ಲಿ ನಿಂತು ಮರುಗುತ್ತಿರಬಹುದು, ಬೆನ್ನ ಹಿಂದೆ ನಗುತ್ತಲೂ ಇರಬಹುದು, ತೀರ್ಮಾನ ಓದುವವರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದನ್ನೇ ಹೇಳಿದೆ.

“ಅಂದ್ರ ಅದು ಆಕಿ ಮಾತೂ ಹೌದು, ನಿನ್ನ ಮಾತೂ ಹೌದು.”

“ಹೌದ್ರಿ.”

“ಆ ಖಾಲಿ ಜಾಗದಾಗ ನಿಮ್ಮಕ್ಕ ತನ್ನ ದನಿ ಹಾಕಿದ್ಲು. ಬಾಳ ಚಂದ ಹಾಕಿದ್ಲು. ಒಳಗಿಲ್ದ ಮಾತು ಹಂಗ ಬರಂಗಿಲ್ಲಪ್ಪಾ.”

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಇಪ್ಪತ್ತು ವರ್ಷ ತಾನು ಓದಿ ನಗಿಸಿದ, ಅಳಿಸಿದ ಆ ದನಿಯೇ ತನ್ನ ಮೇಲೆ ಸಾಕ್ಷಿ ಹೇಳಿತೆಂದು ಅವಳಿಗೆ ತಿಳಿದುಹೋಯಿತು. ಅವಳು ಕಣ್ಣು ಒರೆಸಿಕೊಂಡಳು. ಪಾಠ ಸರಿಯಾಗಿಯೇ ಇತ್ತು, ಒಂದಕ್ಷರ ತಪ್ಪಿರಲಿಲ್ಲ. ಆದರೆ ಹೆಜ್ಜೆಹೆಜ್ಜೆಗೂ ಅಕ್ಕನನ್ನು ಇನ್ನಷ್ಟು ಒಳಗೆ ಸಿಕ್ಕಿಸಿದ್ದೆ.

ಉಳಿದದ್ದು ಒಂದೇ ದಾರಿ, ನಿಜ ಹೇಳುವುದು.

ನಮ್ಮ ಅವ್ವ ಕೊನೆಯ ಎಂಟು ತಿಂಗಳು ಕೊಟ್ಟೂರಿನಲ್ಲಿ ನನ್ನ ಮನೆಯಲ್ಲೇ ಹಾಸಿಗೆ ಹಿಡಿದಿದ್ದಳು. ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತವನು ನಾನು. ಒದ್ದೆ ಹಾಸಿಗೆ ಅವ್ವನದು. ದೇವರಿಗೂ ಬೇಡವಾಯಿತೇ ಎಂಬುದು ನನ್ನ ಮಾತು. ‘ನಾನು’ ಎಂದು ಬರೆಯಲು ಎದೆಗಾರಿಕೆ ಸಾಲದೆ ಅದನ್ನು ಒಬ್ಬ ಸೊಸೆಯ ತಲೆಗೆ ಕಟ್ಟಿದೆ. ಹೇಳುವವನೂ ಪಾತ್ರವೂ ಬೆರೆತುಹೋಗುವ ಜಾಗ, ಕಳ್ಳನಿಗೆ ಅಡಗಲು ಅದಕ್ಕಿಂತ ಒಳ್ಳೆಯ ಮೂಲೆ ಬೇಕೇ? ಇದಿಷ್ಟನ್ನೂ ಆ ಪಡಸಾಲೆಯಲ್ಲಿ ತಲೆತಗ್ಗಿಸಿ ಹೇಳಿದೆ.

ಅತ್ತೆ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದರು. “ಅಕ್ಕನ್ನ ಉಳಸಾಕ ಸತ್ತ ತಾಯಿನ್ನ ನಡುವ ತರಬ್ಯಾಡಪ್ಪಾ. ನಿಮ್ಮವ್ವನ್ನ ನೀ ಹೆಂಗ ನೋಡ್ಕಂಡಿ ಅಂತ ಊರಿಗೇ ಗೊತ್ತೈತಿ. ನಿನ್ನಂಥಾ ಮಗ ಹಂಗ ಅಂತಾನೇನು?” ಎಂದು ಎದ್ದು, ಒಳಗೆ ಹೋಗಿ ಕೂಡ್ಲಿಗಿಗೆ ಬಟ್ಟೆ ಕಟ್ಟಿಕೊಳ್ಳತೊಡಗಿದರು.

ಅವರು ನಂಬಲಿಲ್ಲ. ನಂಬಿದವಳು ಅಕ್ಕ.

ಅವಳು ಬಾಗಿಲು ಬಿಟ್ಟು ಬಂದು ನನ್ನೆದುರಿಗೆ, ಹೂವಿನ ರಾಶಿಯ ಆಚೆ ಕೂತಳು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಬಾಯಿ ಬಿಟ್ಟು ಅಂದ್ಯೋ, ಮನಸ್ಸಿನಾಗ ಅಂದ್ಕಂಡ್ಯೋ?” ಎಂದಳು. “ಅವ್ವಗ ಕೇಳಿಸಿತ್ತೇನು?”

ಕಥೆಯಲ್ಲಿ ಆ ಸಾಲನ್ನು ಎರಡಕ್ಕೂ ಸಲ್ಲುವಂತೆ ಬರೆದಿದ್ದೆ. ಎಷ್ಟು ಸಲ ತಿದ್ದಿ ತಿದ್ದಿ ಬರೆದಿದ್ದೆನೆಂದರೆ, ಅವತ್ತು ಬಾಗಿಲಲ್ಲಿ ನಿಂತಾಗ ನನ್ನ ತುಟಿ ಅಲುಗಿತ್ತೋ ಇಲ್ಲವೋ ನನಗೇ ನೆನಪಿರಲಿಲ್ಲ. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಅಷ್ಟು ಮಾತ್ರ ನೆನಪಿತ್ತು. ಅಕ್ಕನಿಗೆ ಅದನ್ನಷ್ಟೇ ಹೇಳಿದೆ.