ಎರಡನೇ ಬ್ಯಾಚಿನ ಜಾಗ

ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಶಾಲೆಯಿಂದ ಎಬ್ಬಿಸಿ ದೇವನಹಳ್ಳಿಯ ಶಿಕ್ಷಣ ಕಚೇರಿಯಲ್ಲಿ ಕೂರಿಸಿದ್ದರು. ತೊಂಬತ್ತರ ದಶಕದ ನಡುವಿನ ಮಾತು. ನಾನು ಮೇಷ್ಟ್ರೂ ಅಲ್ಲ, ಗುಮಾಸ್ತನೂ ಅಲ್ಲ ಎಂಬಂತಿದ್ದೆ. ಆ ವರ್ಷ ಒಂದನೇ ತರಗತಿಗೆ ಪಾಠ ಮಾಡುವ ತಾಲ್ಲೂಕಿನ ಶಿಕ್ಷಕರಿಗೆಲ್ಲ ತರಬೇತಿ ಕೊಡಬೇಕೆಂದು ಆದೇಶ ಬಂತು. ಮಕ್ಕಳಿಗೆ ಹೊಡೆಯದೆ, ಹಾಡಿಸಿ ಕುಣಿಸಿ ಅಕ್ಷರ ಕಲಿಸುವ ಹೊಸ ಪದ್ಧತಿಯಂತೆ. ಶಿಕ್ಷಕರು ಇನ್ನೂರು ಜನ, ಬ್ಯಾಚುಗಳು ಐದು, ಒಂದೊಂದಕ್ಕೆ ನಲವತ್ತೇ ಜನ. ಪುಸ್ತಕ, ಊಟ, ಕೂರುವ ಮಣೆ ಎಲ್ಲವೂ ನಲವತ್ತಕ್ಕೇ ಮಂಜೂರಾಗಿದ್ದವು. ಹೆಚ್ಚಾಗುವಂತಿಲ್ಲ, ಕಡಿಮೆಯೂ ಆಗುವಂತಿಲ್ಲ.

ನಮ್ಮ ಸಾಹೇಬರಿಗೆ ಆ ನಲವತ್ತರ ಮೇಲೆ ಮನೆದೇವರ ಮೇಲಿದ್ದಷ್ಟು ಭಕ್ತಿ. ಪ್ರತಿಯೊಬ್ಬರೂ ತಮಗೆ ಅನುಕೂಲವಾದ ಮೂರು ಬ್ಯಾಚುಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕಳಿಸಬೇಕು ಎಂದು ಸುತ್ತೋಲೆ ಹೊರಡಿಸಿದರು. ಅರ್ಜಿ ಬಂದ ಸರದಿಯಲ್ಲೇ ನಾನು ಹಂಚಬೇಕು. ಮೊದಲು ಕೇಳಿದ್ದು ತುಂಬಿದ್ದರೆ ಎರಡನೆಯದು, ಅದೂ ತುಂಬಿದ್ದರೆ ಮೂರನೆಯದು. ಮೂರೂ ತುಂಬಿದ್ದರೆ ಕೊನೆಗೆ ಎಲ್ಲಿ ಜಾಗ ಉಳಿದಿರುತ್ತದೋ ಅಲ್ಲಿಗೆ.

ಕೇಳುವುದಕ್ಕೆ ಸುಲಭ. ಆದರೆ ನಮ್ಮ ಶಿಕ್ಷಕರಲ್ಲಿ ಬಹಳಷ್ಟು ಜನ ಬೆಳಿಗ್ಗೆ ಬೇಸಾಯಗಾರರು, ಹತ್ತು ಗಂಟೆಯ ಮೇಲೆ ಮೇಷ್ಟ್ರುಗಳು. ಜುಲೈನ ಮೊದಲ ಬ್ಯಾಚು ರಾಗಿ ಬಿತ್ತನೆಗೆ ಅಡ್ಡ. ಮೂರನೆಯದು ಪಿತೃಪಕ್ಷದಲ್ಲಿ. ನಾಲ್ಕನೆಯದು ದಸರಾ ಮುಗಿದ ಮೇಲೆ, ಅಕ್ಟೋಬರ್ ಕೊನೆಗೆ, ದೀಪಾವಳಿಯ ಗಡಿಬಿಡಿಯಲ್ಲಿ. ಐದನೆಯದಂತೂ ನವೆಂಬರಿನ ರಾಗಿ ಕೊಯ್ಲಿನ ನಡುಮಧ್ಯೆ. ಉಳಿದದ್ದು ಆಗಸ್ಟಿನ ಎರಡನೇ ಬ್ಯಾಚು. ತಾಲ್ಲೂಕಿಗೆ ತಾಲ್ಲೂಕೇ ಅದರ ಮೇಲೆ ಕಣ್ಣಿಟ್ಟಿತು.

ಆಗ ನಮ್ಮ ತಾಲ್ಲೂಕಿನದೇ ವಿಜಯಪುರದ ಕಡೆಯ, ಶಿಕ್ಷಕರ ಸಂಘದ ಒಬ್ಬ ಮುಖಂಡ ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಸಂಬಳದ ದಿನ ಕಚೇರಿ ಮುಂದಿನ ಹೋಟೆಲಿನಲ್ಲಿ ಕೂತು, ಮೂರು ಕಡೆಯೂ ಎರಡನೇ ಬ್ಯಾಚನ್ನೇ ಬರೆದುಬಿಡಿ, ಬೇರೆ ದಾರಿಯಿಲ್ಲದೆ ಕೊಡಲೇಬೇಕಾಗುತ್ತದೆ ಎಂದು ಎಲ್ಲರಿಗೂ ಬೋಧಿಸಿದರಂತೆ. ಮೂರು ಸಲ ಕೇಳಿದರೆ ದೇವರೂ ಕೊಡುತ್ತಾನೆ ಎಂಬ ಗಾದೆಯನ್ನೂ ಅಲ್ಲೇ ಹುಟ್ಟಿಸಿದರಂತೆ. ಆ ಹೋಟೆಲಿನ ಕಾಫಿಯಲ್ಲಿ ಏನಿತ್ತೋ, ಹೆಚ್ಚುಕಡಿಮೆ ನಲವತ್ತು ಜನ ನಂಬಿದರು.

ಆದದ್ದು ಇಷ್ಟೆ. ಅವರ ಅರ್ಜಿಗಳೆಲ್ಲ ಕಟ್ಟು ಕಟ್ಟಾಗಿ ನನ್ನ ಮೇಜಿಗೆ ಬರುವಷ್ಟರಲ್ಲಿ ಎರಡನೇ ಬ್ಯಾಚು ತುಂಬಿಹೋಗಿತ್ತು. ಮೊದಲ ಆಯ್ಕೆ ನೋಡಿದೆ, ತುಂಬಿದೆ. ಎರಡನೆಯದೂ ಅದೇ, ತುಂಬಿದೆ. ಮೂರನೆಯದೂ ಅದೇ. ಬೇರೆ ಬೇರೆ ಬರೆದಿದ್ದ ಪೆದ್ದರು ಒಂದು, ಮೂರು, ನಾಲ್ಕನ್ನು ತುಂಬಿಕೊಂಡಿದ್ದರು. ಜಾಣರೆಲ್ಲ ಒಟ್ಟಾಗಿ ರಾಗಿ ಕೊಯ್ಲಿನ ಐದನೇ ಬ್ಯಾಚಿಗೆ ಬಂದು ಬಿದ್ದರು, ಮುಖಂಡರು ಅವರ ಮುಂದೆ. ಪಟ್ಟಿ ಬರೆಯುತ್ತಾ ನಾನು ಒಬ್ಬನೇ ನಕ್ಕಿದ್ದು ನಿಜ.

ನಗು ನಿಂತದ್ದು ನಲ್ಲೂರಿನ ಕಡೆಯ ಶಾಲೆಯ ಹೊಸ ಶಿಕ್ಷಕಿ ಬಂದಾಗ. ಆಕೆಯೂ ಮುಖಂಡರ ಮಾತು ಕೇಳಿ ಮೂರು ಸಲ ಬರೆದಿದ್ದಳು. ಆಕೆ ಬಸುರಿ, ದಿನ ತುಂಬುವುದು ನವೆಂಬರಿನಲ್ಲಿ. ತರಬೇತಿ ಮುಗಿಸದಿದ್ದರೆ ಆ ವರ್ಷ ಕೆಲಸ ಖಾಯಂ ಆಗುವುದಿಲ್ಲ ಎಂದು ಅದೇ ಆದೇಶದಲ್ಲಿತ್ತು.

"ಸಾರ್, ಹೆರಿಗೆ ಮುಂದಕ್ಕೆ ಹಾಕಕ್ಕಾಗಲ್ಲ, ಬ್ಯಾಚಾದ್ರೂ ಬದಲಾಯಿಸಿ ಕೊಡಿ" ಅಂದಳು.

ಸಾಹೇಬರ ಬಳಿ ಹೋದೆ. ಎರಡನೆಯದಕ್ಕೆ ಒಬ್ಬರನ್ನು ಸೇರಿಸಿದರೆ ನಲವತ್ತೊಂದಾಗುತ್ತದೆ, ಐದನೆಯದರಲ್ಲಿ ಮೂವತ್ತೊಂಬತ್ತಾಗುತ್ತದೆ, ಎರಡಕ್ಕೂ ಆಡಿಟ್ ಆಕ್ಷೇಪಣೆ ಬರುತ್ತದೆ ಎಂದರು. ಬೇಕಾದರೆ ಯಾರಾದರೂ ಒಪ್ಪಿ ಇಬ್ಬರೂ ರುಜು ಹಾಕಿ ಅದಲುಬದಲಾಗಲಿ, ಲೆಕ್ಕ ಕೆಡುವುದಿಲ್ಲ ಎಂದರು. ಅದು ನ್ಯಾಯವೇ. ಆದರೆ ಕೊಯ್ಲಿನ ಬ್ಯಾಚಿಗೆ ಬರುವ ಪುಣ್ಯಾತ್ಮ ಯಾರು? ಒಂದು, ಮೂರು, ನಾಲ್ಕನೇ ಬ್ಯಾಚಿನವರು ಯಾರೂ ಒಪ್ಪಲಿಲ್ಲ. ಎರಡನೇ ಬ್ಯಾಚಿನವರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ಒಬ್ಬರು ಹೊಲದ ಕಥೆ ಹೇಳಿದರು, ಇನ್ನೊಬ್ಬರು ಮಾವನವರ ಹೊಲದ ಕಥೆ ಹೇಳಿದರು. ಮತ್ತೊಬ್ಬರು, ಆಕೆಯ ಗಂಡ ಬಂದು ನನ್ನ ರಾಗಿ ಕೊಯ್ದು ಕೊಟ್ಟರೆ ಯೋಚನೆ ಮಾಡುತ್ತೇನೆ ಅಂದರು. ಅವರಿಗೆ ನಾನು ಅಂದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಕೊನೆಗೆ ಉಳಿದವರು ಒಬ್ಬ ಹೆಡ್‌ಮೇಷ್ಟ್ರು. ಎಲ್ಲರಿಗಿಂತ ಮೊದಲು ತಾವೇ ಬಂದು ಅರ್ಜಿ ಕೊಟ್ಟು ಹೋದವರು. ಅವರಿಗೆ ಹೊಲವಿರಲಿಲ್ಲ. ಆದರೆ ಅಕ್ಟೋಬರ್ ಕೊನೆಗೆ ಅವರ ನಿವೃತ್ತಿ. ನಿವೃತ್ತರಾಗುವವರಿಗೆ ಹೊಸ ಪದ್ಧತಿ ಯಾಕೆ ಎಂದು ನಾನು ಆವತ್ತೇ ಗೇಲಿ ಮಾಡಿದ್ದೆ. ಸೇವೆ ಪೂರ್ತಿ ಒಂದನೇ ತರಗತಿಗೇ ಪಾಠ ಮಾಡಿದವರು ಅವರು, ಕೋಲಿಲ್ಲದೆ ಅಕ್ಷರ ಕಲಿಸಬಹುದು ಅನ್ನುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲವಂತೆ. ಆಗಸ್ಟಿನಲ್ಲಿ ಕಲಿತರೆ ಎರಡು ತಿಂಗಳಾದರೂ ಹಾಗೆ ಪಾಠ ಮಾಡಿ ಹೋಗಬಹುದು ಎಂಬುದು ಅವರ ಆಸೆ.

ವಿಷಯ ತಿಳಿಸಿದೆ. ಅವರು ರುಜು ಹಾಕಲು ಪೆನ್ನು ಕೇಳಿದರು.

"ಮೇಷ್ಟ್ರೇ, ಐದನೇ ಬ್ಯಾಚು ಬರೋಷ್ಟರಲ್ಲಿ ನೀವು ರಿಟೈರ್ ಆಗಿರ್ತೀರಿ" ಅಂದೆ.

"ಗೊತ್ತು ಕಣಪ್ಪ. ಆಯಮ್ಮಂಗೆ ಇನ್ನೂ ಮೂವತ್ತು ವರ್ಷ ಪಾಠ ಮಾಡೋದಿದೆ" ಅಂದರು.

ಸಾಹೇಬರು ಎರಡು ರುಜು ನೋಡಿದರು, ಎರಡು ಕಡೆಯೂ ನಲವತ್ತು ಇದೆಯೆಂದು ಎಣಿಸಿಕೊಂಡರು, ಮಂಜೂರು ಮಾಡಿದರು. ಶಿಕ್ಷಕಿ ಆಗಸ್ಟಿನಲ್ಲಿ ತರಬೇತಿ ಮುಗಿಸಿದಳು. ಉಳಿದ ಶಿಕ್ಷಕರೆಲ್ಲ ಕಪ್ಪೆಗಳಾಗಿ ಕುಪ್ಪಳಿಸುವ ಹಾಡಿನಲ್ಲಿ, ಕುಪ್ಪಳಿಸಲಾಗದ ಆಕೆಯನ್ನು ಬಾವಿಯಾಗಿ ನಡುವೆ ಕೂರಿಸಿದ್ದರಂತೆ. ಆಕೆಯ ಹಾಜರಿಗೆ ನಾನೇ ಹೋಗಿ ಮುದ್ರೆ ಒತ್ತಿಸಿಕೊಂಡು ಬಂದೆ, ಮನಸ್ಸಿಗೆ ನಿರಾಳವಾಯಿತು.

ನವೆಂಬರಿನಲ್ಲಿ ಐದನೇ ಬ್ಯಾಚು ಶುರುವಾಯಿತು, ಹಾಜರಿ ಬರೆಯಲು ನನ್ನ ಮೇಜನ್ನೂ ಅಲ್ಲೇ ಹಾಕಿಸಿದ್ದರು. ಮೊದಲ ದಿನ ಮೂವತ್ತೊಂಬತ್ತು ಜನ. ಸಾಹೇಬರು ಹೌಹಾರಿದರು. ಹೆಡ್‌ಮೇಷ್ಟ್ರು ನಿವೃತ್ತರಾಗಿದ್ದಾರೆ ಎಂದು ನೆನಪಿಸಿದೆ. ಬೇರೆ ಯಾರನ್ನಾದರೂ ತುಂಬಿಸು ಎಂದರು. ಇನ್ನೂರೂ ಜನರ ಹೆಸರು ಐದು ಪಟ್ಟಿಯಲ್ಲೇ ಮುಗಿದುಹೋಗಿತ್ತು, ತಾಲ್ಲೂಕಿನಲ್ಲಿ ಒಂದನೇ ತರಗತಿಯ ಶಿಕ್ಷಕರು ಇನ್ನೊಬ್ಬರು ಉಳಿದಿರಲಿಲ್ಲ. ಪಟ್ಟಿ ಜಿಲ್ಲೆಗೆ ಹೋಗಿಯಾಗಿದೆ, ಪಟ್ಟಿಯಲ್ಲಿದ್ದವರು ಬರಲೇಬೇಕು ಎಂದು ಸಾಹೇಬರು ಒಂದು ನೋಟೀಸು ಬರೆಸಿದರು. ತರಬೇತಿಗೆ ಗೈರಾದ ತಮ್ಮ ಮೇಲೆ ಶಿಸ್ತುಕ್ರಮ ಯಾಕೆ ಜರುಗಿಸಬಾರದು? ನಿವೃತ್ತ ಮನುಷ್ಯನ ಮೇಲೆ ಯಾವ ಶಿಸ್ತುಕ್ರಮವೋ ದೇವರಿಗೇ ಗೊತ್ತು. ದುಂಡಗಿನ ಅಕ್ಷರದಲ್ಲಿ ನಾನೇ ಬರೆದೆ, ಜವಾನ ಸೈಕಲ್ಲಿನಲ್ಲಿ ತಲುಪಿಸಿದ.

ಮರುದಿನ ಬೆಳಿಗ್ಗೆ ಹೆಡ್‌ಮೇಷ್ಟ್ರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಮುಖಂಡ ಮೇಷ್ಟ್ರು ಹಿಂದೆ ಕೂತು ರಾಗಿ ಕೂಲಿಯವರ ಚಿಂತೆಯಲ್ಲಿದ್ದರೆ ಇವರು ಹಾಡುಗಳನ್ನೆಲ್ಲ ಬರೆದುಕೊಂಡರು, ಎಲ್ಲದಕ್ಕೂ ಪ್ರಶ್ನೆ ಕೇಳಿದರು, ಮಂಡಿ ನೋವೆನ್ನುತ್ತಲೇ ಕಪ್ಪೆಯಾಗಿ ಕುಪ್ಪಳಿಸಿದರು. ಮಗುವಿನ ಕೈ ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುವುದನ್ನು ತೋರಿಸಿದಾಗ, ಮಗುವಿಲ್ಲದ್ದರಿಂದ ನನ್ನ ಕೈಯನ್ನೇ ಹಿಡಿದು ತಿದ್ದಿಸಿದರು. ಅದೇ ವಾರ ನಲ್ಲೂರಿನ ಶಿಕ್ಷಕಿಗೆ ತವರಿನಲ್ಲಿ ಹೆಣ್ಣುಮಗುವಾಯಿತು ಎಂದು ಸುದ್ದಿ ಬಂತು. ಅವರಿಗೆ ಹೇಳಿದೆ. ಎಲ್ಲರಿಗೂ ಬಾಳೆಹಣ್ಣು ತರಿಸಿ ಹಂಚಿದರು.

ಕೊನೆಯ ದಿನ ಪ್ರಮಾಣಪತ್ರ ಕೊಟ್ಟರು. ಕಲಿತ ವಿಧಾನವನ್ನು ಮುಂದಿನ ಕೆಲಸದ ದಿನದಿಂದಲೇ ತಮ್ಮ ತರಗತಿಯಲ್ಲಿ ತಪ್ಪದೆ ಜಾರಿಗೆ ತರತಕ್ಕದ್ದು ಎಂದು ಅದರಲ್ಲಿ ಅಚ್ಚಾಗಿತ್ತು. ಎಲ್ಲರೂ ಬಸ್ಸಿಗೆ ಓಡಿದರು. ಹೆಡ್‌ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಅದನ್ನು ಪೂರ್ತಿ ಓದಿ, ಮಡಿಚಿ ಜೇಬಿಗಿಟ್ಟುಕೊಂಡು ನನ್ನ ಮೇಜಿನ ಹತ್ತಿರ ಬಂದರು.

"ನಾಳೆ ನಾನು ಯಾವ ಸ್ಕೂಲಿಗೆ ಹೋಗ್ಲಪ್ಪ?" ಅಂದರು.

ತಮಾಷೆ ಮಾಡುತ್ತಿದ್ದಾರೆಂದು ನಾನು ನಕ್ಕೆ. ಅವರು ನಗಲಿಲ್ಲ. ನಾನು ಏನಾದರೂ ಹೇಳುತ್ತೇನೆಂದು ಕಾಯುತ್ತಾ ಅಲ್ಲೇ ನಿಂತಿದ್ದರು.